ಸಂಬಳದ ಸಾಲಿಗಿಂತ ಮೊದಲು ರೋಸ್ಟರ್ ಓದಿ

ಬಿ.ಎಸ್ಸಿ ನರ್ಸಿಂಗ್ ಅಥವಾ ಜಿಎನ್‌ಎಂ ಮುಗಿಸಿ, ಕೌನ್ಸಿಲಿನಲ್ಲಿ ನೋಂದಣಿ ಮಾಡಿಸಿಕೊಂಡು ಬೆಂಗಳೂರಿಗೆ ಬರುವ ಹುಡುಗ ಹುಡುಗಿಯರ ಕೈಯಲ್ಲಿ ಎಷ್ಟೋ ಸಲ ಎರಡು ಆಫರ್ ಲೆಟರ್ ಇರುತ್ತವೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡುವಾಗ ಎಲ್ಲರ ಕಣ್ಣೂ ಮೊದಲು ಸಂಬಳದ ಸಾಲಿಗೆ ಹೋಗುತ್ತದೆ. ವಾರ್ಡಿನಲ್ಲಿ, ಐಸಿಯುನಲ್ಲಿ ಕೆಲಸ ಮಾಡಿ ಈಗ ಇನ್‌ಚಾರ್ಜ್ ಸಿಸ್ಟರ್ ಆಗಿರುವ ನಾನು ಹೇಳುವುದು ಒಂದೇ: ಆ ಸಾಲನ್ನು ಕೊನೆಗೆ ಓದಿ. ರಾತ್ರಿ ಪಾಳಿಯಲ್ಲಿ ನಿಮ್ಮ ಪಾಲಿಗೆ ಎಷ್ಟು ರೋಗಿಗಳು ಬೀಳುತ್ತಾರೆ ಎಂಬುದು ಗೊತ್ತಾದರೆ ಮಾನ್ಯತೆ, ಪಾಳಿ, ತರಬೇತಿ, ಸಂಬಳ ಎಲ್ಲಕ್ಕೂ ಅರ್ಥ ಬರುತ್ತದೆ.

ಹಾಸನದ ಕಡೆಯ ಹುಡುಗಿಯೊಬ್ಬಳು ಹೀಗೆ ಎರಡು ಆಫರ್ ಹಿಡಿದು ಬಂದು, ‘ಅಕ್ಕಾ, ಯಾವುದಕ್ಕೆ ಸೇರಲಿ?’ ಎಂದು ಕೇಳಿದ್ದಳು. ಮೊದಲನೆಯದು ಮುನ್ನೂರು ಹಾಸಿಗೆಯ ಆಸ್ಪತ್ರೆ. ಕೈಗೆ ಬರುವ ಸಂಬಳ 24,000 ರೂಪಾಯಿ, ಹನ್ನೆರಡು ಗಂಟೆಯ ಪಾಳಿ, ತಿಂಗಳಿಗೆ ಆರು ಆಫ್, ಎರಡು ವರ್ಷದ ಬಾಂಡ್. ಎರಡನೆಯದು ಎಂಬತ್ತು ಹಾಸಿಗೆಯದು. ಕೈಗೆ 21,000, ಮೂರು ಪಾಳಿ, ಬಾಂಡ್ ಇಲ್ಲ. ಎರಡರ ಬೋರ್ಡಿನ ಮೇಲೂ ಎನ್‌ಎಬಿಎಚ್ ಮುದ್ರೆ ಇತ್ತು. ಅವಳ ಈ ಎರಡು ಕಾಗದಗಳನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

1. ಮುದ್ರೆ ಯಾವ ಮಟ್ಟದ್ದು, ಯಾವ ಕಟ್ಟಡದ್ದು ಎಂದು ನೋಡಿ

ಎನ್‌ಎಬಿಎಚ್ ಎಂಬುದು ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ಅಡಿಯಲ್ಲಿ ಆಸ್ಪತ್ರೆಗಳನ್ನು ಪರೀಕ್ಷಿಸಿ ಮಾನ್ಯತೆ ಕೊಡುವ ಮಂಡಳಿ. ಅದು ಕೊಡುವುದೆಲ್ಲ ಒಂದೇ ಮಟ್ಟದ್ದಲ್ಲ. ಪೂರ್ಣ ಮಾನ್ಯತೆ ಬೇರೆ, ಅದಕ್ಕಿಂತ ಕಡಿಮೆ ಮಾನದಂಡಗಳಿರುವ ‘ಎಂಟ್ರಿ ಲೆವೆಲ್’ ಪ್ರಮಾಣಪತ್ರ ಬೇರೆ. ನರ್ಸಿಂಗ್ ವಿಭಾಗವನ್ನಷ್ಟೇ ನೋಡಿ ಕೊಡುವ ‘ನರ್ಸಿಂಗ್ ಎಕ್ಸಲೆನ್ಸ್’ ಎಂಬುದೂ ಪ್ರತ್ಯೇಕವಾಗಿ ಇದೆ. ನಮಗೆ ಹೆಚ್ಚು ಉಪಯೋಗವಾಗುವ ಮುದ್ರೆ ಇದೇ, ಆದರೆ ಇದನ್ನು ಕೇಳುವವರು ಕಡಿಮೆ. ಹಾಸನದ ಹುಡುಗಿಯ ಎರಡನೆಯ ಆಸ್ಪತ್ರೆಯದು ಎಂಟ್ರಿ ಲೆವೆಲ್. ಬೋರ್ಡಿನ ಮೇಲೆ ದೂರದಿಂದ ನೋಡಿದರೆ ವ್ಯತ್ಯಾಸವೇ ಕಾಣುವುದಿಲ್ಲ.

ಇನ್ನೊಂದು ವಿಷಯ: ಮಾನ್ಯತೆ ಸಿಗುವುದು ಒಂದೊಂದು ಆಸ್ಪತ್ರೆಗೆ, ಸರಪಣಿಯ ಹೆಸರಿಗಲ್ಲ. ದೊಡ್ಡ ಹೆಸರಿನ ಸಂಸ್ಥೆ ಹೊಸ ಬಡಾವಣೆಯಲ್ಲಿ ತೆರೆದ ಶಾಖೆಗೆ ಇನ್ನೂ ಯಾವ ಮಾನ್ಯತೆಯೂ ಇಲ್ಲದಿರಬಹುದು. ಅಮೆರಿಕ ಮೂಲದ ಜೆಸಿಐ ಮಾನ್ಯತೆಗೂ ಇದೇ ಮಾತು. ಎರಡೂ ಮಂಡಳಿಗಳ ಜಾಲತಾಣದಲ್ಲಿ ಆಸ್ಪತ್ರೆಗಳ ಪಟ್ಟಿ ಇರುತ್ತದೆ. ನಿಮ್ಮನ್ನು ಕೆಲಸಕ್ಕೆ ಹಾಕುವ ಶಾಖೆಯ ಹೆಸರು, ವಿಳಾಸ ಅಲ್ಲಿ ಇದೆಯೇ, ಅವಧಿ ಇನ್ನೂ ಚಾಲ್ತಿಯಲ್ಲಿದೆಯೇ ನೋಡಿಕೊಳ್ಳಿ. ಐದು ನಿಮಿಷದ ಕೆಲಸ.

2. ಮಾನ್ಯತೆ ನಿಜಕ್ಕೂ ವಾರ್ಡಿಗೆ ಇಳಿದಿದೆಯೇ ಎಂಬುದನ್ನು ಸೂಜಿಯ ಪ್ರಶ್ನೆಯಿಂದ ತಿಳಿಯಿರಿ

ಪರಿಶೀಲನೆಯ ತಂಡ ಬರುವ ಮುಂಚಿನ ತಿಂಗಳಲ್ಲಿ ಎಲ್ಲ ಆಸ್ಪತ್ರೆಯೂ ಚೆನ್ನಾಗಿಯೇ ಕಾಣುತ್ತದೆ. ಫೈಲುಗಳೆಲ್ಲ ಭರ್ತಿ, ಕ್ರ್ಯಾಶ್ ಕಾರ್ಟಿಗೆ ಹೊಸ ಬೀಗ, ಗೋಡೆಗೆ ಹೊಸ ಚಾರ್ಟು. ನಮಗೆ ಬೇಕಾದದ್ದು ಸಾಧಾರಣ ದಿನದ ಚಿತ್ರ. ಅದಕ್ಕೆ ಸಂದರ್ಶನದಲ್ಲಿ ಒಂದು ಪ್ರಶ್ನೆ ಕೇಳಿ: ‘ರಾತ್ರಿ ಎರಡು ಗಂಟೆಗೆ ನನ್ನ ಕೈಗೆ ಬಳಸಿದ ಸೂಜಿ ಚುಚ್ಚಿದರೆ ಮುಂದೆ ಏನಾಗುತ್ತದೆ?’

ಸೂಜಿ ಚುಚ್ಚಿದಾಗ ಎಚ್‌ಐವಿ ತಡೆಯುವ ಔಷಧಿಯನ್ನು ಆದಷ್ಟು ಬೇಗ, ಎರಡು ಗಂಟೆಯೊಳಗೆ ಶುರು ಮಾಡುವುದು ಉತ್ತಮ. 72 ಗಂಟೆ ದಾಟಿದರೆ ಅದರಿಂದ ಪ್ರಯೋಜನವಿಲ್ಲ. ಹಾಗಾಗಿ ಆ ಔಷಧಿ ರಾತ್ರಿಯೂ ಕ್ಯಾಶುವಾಲ್ಟಿಯಲ್ಲಿ ಸಿಗಬೇಕು, ಆ ಹೊತ್ತಿನಲ್ಲಿ ರೋಗಿಯ ಮತ್ತು ನರ್ಸಿನ ರಕ್ತ ಪರೀಕ್ಷೆಗೆ ವ್ಯವಸ್ಥೆ ಇರಬೇಕು, ಖರ್ಚು ಆಸ್ಪತ್ರೆಯದಾಗಿರಬೇಕು. ಪದ್ಧತಿ ಇರುವ ಕಡೆ ನರ್ಸಿಂಗ್ ಸೂಪರಿಂಟೆಂಡೆಂಟ್ ಒಂದೇ ಉಸಿರಿನಲ್ಲಿ ಉತ್ತರ ಹೇಳುತ್ತಾರೆ: ಯಾರಿಗೆ ಫೋನ್ ಮಾಡಬೇಕು, ಔಷಧಿ ಎಲ್ಲಿದೆ, ಯಾವ ಫಾರಂ ತುಂಬಬೇಕು. ‘ಬೆಳಿಗ್ಗೆ ಇನ್ಫೆಕ್ಷನ್ ಕಂಟ್ರೋಲ್ ಸಿಸ್ಟರ್ ಬಂದ ಮೇಲೆ ನೋಡುತ್ತಾರೆ’ ಎಂಬ ಉತ್ತರ ಬಂದರೆ ಮುದ್ರೆ ಬೋರ್ಡಿನ ಮೇಲಷ್ಟೇ ಇದೆ ಎಂದು ತಿಳಿಯಿರಿ. ಜೊತೆಗೇ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಆಸ್ಪತ್ರೆಯೇ ಕೊಡುತ್ತದೆಯೇ ಎಂದು ಕೇಳಿ. ಇದು ನಿಮ್ಮ ದೇಹದ ಪ್ರಶ್ನೆ, ಕೇಳಲು ಸಂಕೋಚ ಬೇಡ.

3. ‘ಒಬ್ಬರಿಗೆ ಇಷ್ಟು ರೋಗಿಗಳು’ ಎಂಬ ಮಾತನ್ನು ನಂಬಬೇಡಿ, ಹೆಸರುಗಳನ್ನು ಎಣಿಸಿ

ನನಗೆ ಎಲ್ಲಕ್ಕಿಂತ ಮುಖ್ಯವಾದ ಪಾಠ ಇದು, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಕೇಂದ್ರ ಹಣಕಾಸು ಸಚಿವಾಲಯದ ಸ್ಟಾಫ್ ಇನ್‌ಸ್ಪೆಕ್ಷನ್ ಯೂನಿಟ್ ಸರ್ಕಾರಿ ಆಸ್ಪತ್ರೆಗಳಿಗೆ ಮಾಡಿದ ಲೆಕ್ಕದಲ್ಲಿ ಸಾಮಾನ್ಯ ವಾರ್ಡಿನಲ್ಲಿ ಆರು ಹಾಸಿಗೆಗೆ ಒಬ್ಬ ನರ್ಸ್. ವಾರದ ಬಿಡುವು, ರಜೆಗಳ ಜಾಗ ತುಂಬಲು ಅದರ ಮೇಲೆ ಶೇಕಡ 45ರಷ್ಟು ಹೆಚ್ಚು ಹುದ್ದೆ. ಇದನ್ನು ಮೂವತ್ತು ಹಾಸಿಗೆಯ ಒಂದು ವಾರ್ಡಿಗೆ, ಪ್ರತಿ ಪಾಳಿಗೂ ಹಿಡಿದು ಲೆಕ್ಕ ಹಾಕಿ. ಪಾಳಿಗೆ ಐದು ಜನ, ಮೂರು ಪಾಳಿಗೆ ಹದಿನೈದು, ಶೇಕಡ 45 ಸೇರಿಸಿದರೆ ಸುಮಾರು ಇಪ್ಪತ್ತೆರಡು. ಅಂದರೆ ಆ ವಾರ್ಡಿನ ರೋಸ್ಟರಿನಲ್ಲಿ ಇಪ್ಪತ್ತೆರಡು ಹೆಸರಿದ್ದರೆ ಮಾತ್ರ ‘ಆರಕ್ಕೆ ಒಬ್ಬರು’ ಎಂಬುದು ಹಗಲೂ ರಾತ್ರಿ, ಹಬ್ಬದ ದಿನವೂ ನಿಜವಾಗಿರುತ್ತದೆ.

ಹಾಸನದ ಹುಡುಗಿಗೆ ಎರಡನೆಯ ಆಸ್ಪತ್ರೆಯ ಎಚ್‌ಆರ್‌ನವರು ಹೇಳಿದ್ದು ‘ನಮ್ಮಲ್ಲಿ ಎರಡೂವರೆ ಹಾಸಿಗೆಗೆ ಒಬ್ಬ ನರ್ಸ್’ ಎಂದು. ಕೇಳಿದರೆ ಸ್ವರ್ಗ. ವಾರ್ಡ್ ತೋರಿಸಿ ಎಂದು ಕೇಳಿ, ನರ್ಸಿಂಗ್ ಸ್ಟೇಷನ್ನಿನ ಗೋಡೆಯ ಮೇಲಿದ್ದ ರೋಸ್ಟರಿನಲ್ಲಿ ಹೆಸರು ಎಣಿಸಿಕೊಂಡು ಬಾ ಎಂದೆ. ಮೂವತ್ತು ಹಾಸಿಗೆ, ಹನ್ನೆರಡು ಹೆಸರು. ಮೂವತ್ತನ್ನು ಹನ್ನೆರಡರಿಂದ ಭಾಗಿಸಿದರೆ ಎರಡೂವರೆ ಬರುತ್ತದೆ, ಅವರು ಹೇಳಿದ್ದು ಸುಳ್ಳಲ್ಲ. ಆದರೆ ಹನ್ನೆರಡು ಜನರಲ್ಲಿ ದಿನವೂ ಇಬ್ಬರು ಮೂವರು ಆಫ್ ಅಥವಾ ರಜೆ. ಉಳಿದ ಒಂಬತ್ತು ಜನ ಹೀಗೆ ಹಂಚಿಹೋಗಿದ್ದರು: ಬೆಳಿಗ್ಗೆ ನಾಲ್ವರು, ಮಧ್ಯಾಹ್ನ ಮೂವರು, ರಾತ್ರಿ ಇಬ್ಬರು. ಬೆಳಗಿನ ನಾಲ್ವರಲ್ಲಿ ಒಬ್ಬರು ಇನ್‌ಚಾರ್ಜ್, ಅವರು ರೋಗಿಗಳನ್ನು ತೆಗೆದುಕೊಳ್ಳುವುದಿಲ್ಲ. ಹಾಸಿಗೆ ಎಲ್ಲ ತುಂಬಿದ ರಾತ್ರಿ ಒಬ್ಬೊಬ್ಬರಿಗೆ ಹದಿನೈದು ರೋಗಿಗಳು. ಒಬ್ಬರು ಊಟಕ್ಕೆ ಕುಳಿತರೆ, ಇಲ್ಲವೇ ಒಬ್ಬ ರೋಗಿಯನ್ನು ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದರೆ, ಇನ್ನೊಬ್ಬರ ಮೇಲೆ ಮೂವತ್ತು. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್ ಕೊಡುವ ಮುನ್ನ ಇಬ್ಬರು ನೋಡಿ ಸಹಿ ಹಾಕಬೇಕು. ಎರಡನೆಯವರು ಇಲ್ಲದ ಹೊತ್ತಿನಲ್ಲಿ ಆ ಸಹಿ ಏನಾಗುತ್ತದೆ ಎಂದು ನೀವೇ ಊಹಿಸಿ.

ಇದು ಬರೀ ದಣಿವಿನ ವಿಷಯವಲ್ಲ. ಲಿಂಡಾ ಐಕೆನ್ ಮತ್ತು ಜೊತೆಗಾರರು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳನ್ನು ನೋಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದದ್ದು. ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ಶಸ್ತ್ರಚಿಕಿತ್ಸೆಯಾದ ರೋಗಿ ಮೂವತ್ತು ದಿನದೊಳಗೆ ಸಾಯುವ ಸಂಭವ ಶೇಕಡ 7ರಷ್ಟು ಹೆಚ್ಚುತ್ತದೆ ಎಂದು ಅವರು ಕಂಡರು. ಹದಿನೈದು ರೋಗಿಗಳ ಪಾಳಿಗೆ ಸಹಿ ಹಾಕುವಾಗ ರೋಗಿಗಳ ಜೀವದ ಮೇಲಿನ ಆ ಅಪಾಯದ ಜವಾಬ್ದಾರಿಗೂ ನೀವು ಸಹಿ ಹಾಕುತ್ತಿದ್ದೀರಿ. ತಪ್ಪಾದಾಗ ವಿವರಣೆ ಕೇಳುವುದು ಆ ಪಾಳಿಯಲ್ಲಿದ್ದ ನರ್ಸನ್ನೇ.

ಪೂರ್ಣ ಮಾನ್ಯತೆಯ ಆಸ್ಪತ್ರೆಯಿಂದ ನಿಜವಾದ ಲಾಭ ಸಿಗುವುದು ಇಲ್ಲಿ. ವಾರ್ಡಿನಲ್ಲಿ, ಐಸಿಯುನಲ್ಲಿ ನರ್ಸ್–ರೋಗಿ ಅನುಪಾತ ಎಷ್ಟಿದೆ ಎಂಬುದು ಎನ್‌ಎಬಿಎಚ್ ಕೇಳುವ ಗುಣಮಟ್ಟದ ಸೂಚಕಗಳಲ್ಲಿ ಒಂದು. ಅದನ್ನು ಪಾಳಿವಾರು ಲೆಕ್ಕ ಹಾಕಬೇಕು, ಇನ್‌ಚಾರ್ಜ್ ಅವರನ್ನು ಸೇರಿಸಬಾರದು, ಐಸಿಯುನಲ್ಲಿ ವೆಂಟಿಲೇಟರ್ ಮೇಲಿರುವ ರೋಗಿಗಳ ಲೆಕ್ಕ ಬೇರೆ ಇಡಬೇಕು. ಅಂದರೆ ಅಂಕಿ ಕ್ವಾಲಿಟಿ ವಿಭಾಗದ ಹತ್ತಿರ ಇದ್ದೇ ಇರುತ್ತದೆ. ‘ಹೋದ ತಿಂಗಳು ಈ ವಾರ್ಡಿನ ನೈಟ್ ಅನುಪಾತ ಎಷ್ಟಿತ್ತು?’ ಎಂದು ಕೇಳಿದರೆ ಅವರು ಹುಡುಕಬೇಕಾಗಿಲ್ಲ. ಹುಡುಗಿಯ ಮೊದಲನೆಯ ಆಸ್ಪತ್ರೆಯವರು ಹೇಳಿದರು: ವಾರ್ಡಿನಲ್ಲಿ ಹಗಲು ಏಳು, ರಾತ್ರಿ ಒಂಬತ್ತು. ಐಸಿಯುನಲ್ಲಿ ವೆಂಟಿಲೇಟರ್ ರೋಗಿಗೆ ಒಬ್ಬರು, ಉಳಿದವರಲ್ಲಿ ಇಬ್ಬರಿಗೆ ಒಬ್ಬರು. ವಾರ್ಡಿನ ಒಂಬತ್ತು ಒಳ್ಳೆಯ ಸಂಖ್ಯೆಯಲ್ಲ, ಆದರೂ ಮುಚ್ಚಿಡದೆ ಹೇಳಿದರಲ್ಲ, ಆ ಉತ್ತರಕ್ಕೆ ನಾನು ಬೆಲೆ ಕೊಡುತ್ತೇನೆ.

4. ರೋಗಿಗಳಲ್ಲದೆ ಇನ್ನೇನು ನಿಮ್ಮ ತಲೆಯ ಮೇಲಿದೆ ಎಂದು ಕೇಳಿ

ಏಳು ರೋಗಿಗಳು ಎಂದರೆ ಎಲ್ಲ ಕಡೆಯೂ ಒಂದೇ ಕೆಲಸವಲ್ಲ. ವಾರ್ಡಿಗೆ ಆಯಾ, ವಾರ್ಡ್ ಬಾಯ್ ರಾತ್ರಿಯೂ ಇರುತ್ತಾರೆಯೇ? ಫಾರ್ಮಸಿಯಿಂದ ಔಷಧಿ ತರುವವರು ಯಾರು? ಉಳಿದ ಔಷಧಿ ವಾಪಸ್ ಮಾಡಿ ಬಿಲ್ಲಿನಲ್ಲಿ ಕಳೆಯಿಸುವುದು ಯಾರ ಕೆಲಸ? ಇನ್ಶೂರೆನ್ಸ್ ರೋಗಿಯ ಡಿಸ್ಚಾರ್ಜಿಗೆ ಕಾಗದ ಹಿಡಿದು ಓಡಾಡುವವರು ಯಾರು? ಸಣ್ಣ ಆಸ್ಪತ್ರೆಗಳಲ್ಲಿ ಇದೆಲ್ಲ ಸ್ಟಾಫ್ ನರ್ಸ್ ಮೇಲೆಯೇ ಬೀಳುತ್ತದೆ. ಒಂದು ಪಾಳಿಯಲ್ಲಿ ಮೂರು ಡಿಸ್ಚಾರ್ಜ್, ಮೂರು ಹೊಸ ಅಡ್ಮಿಷನ್ ಆದರೆ ಹಾಸಿಗೆಯ ಲೆಕ್ಕ ಬದಲಾಗುವುದಿಲ್ಲ, ಆದರೆ ನೀವು ನೋಡಿಕೊಂಡ ರೋಗಿಗಳು ಏಳಲ್ಲ, ಹತ್ತು.

ವಾರ್ಡ್ ಯಾವುದು ಎಂಬುದೂ ಮುಖ್ಯ. ಆಪರೇಷನ್ ಆದ ಮೊದಲ ದಿನದ ರೋಗಿಗಳಿರುವ ವಾರ್ಡಿನ ಏಳು, ನಾಳೆ ಮನೆಗೆ ಹೋಗುವ ರೋಗಿಗಳ ವಾರ್ಡಿನ ಹನ್ನೆರಡಕ್ಕಿಂತ ಭಾರ. ಎಚ್‌ಆರ್‌ನವರಿಗೆ ಇದು ಗೊತ್ತಿರುವುದಿಲ್ಲ. ಕ್ಯಾಂಟೀನಿನಲ್ಲೋ ಹಾಸ್ಟೆಲಿನಲ್ಲೋ ಅಲ್ಲಿನ ನರ್ಸುಗಳನ್ನೇ ಕೇಳಬೇಕು.

5. ಸಂಬಳವನ್ನು ಗಂಟೆಯಿಂದ ಭಾಗಿಸಿ

ಬೆಂಗಳೂರಿನಲ್ಲಿ ಹೆಚ್ಚಾಗಿ ಕಾಣುವ ಪಾಳಿ ಎರಡು ಬಗೆ. ಒಂದು, ಬೆಳಗಿನ ಪಾಳಿ ಆರು ಗಂಟೆ, ಮಧ್ಯಾಹ್ನದ್ದು ಆರು ಗಂಟೆ, ರಾತ್ರಿಯದು ಹನ್ನೆರಡು ಗಂಟೆ. ಇನ್ನೊಂದು, ಎಂಟರಿಂದ ಎಂಟಕ್ಕೆ ಹಗಲೂ ಹನ್ನೆರಡು, ರಾತ್ರಿಯೂ ಹನ್ನೆರಡು. ಎಂಟೆಂಟು ಗಂಟೆಯ ಮೂರು ಪಾಳಿ ಇಟ್ಟಿರುವ ಕಡೆಯೂ ಇದೆ.

ಹುಡುಗಿಯ ಎರಡು ಆಫರನ್ನು ಹೀಗೆ ಲೆಕ್ಕ ಹಾಕಿದೆವು. ಮೊದಲನೆಯದರಲ್ಲಿ ತಿಂಗಳಿಗೆ ಇಪ್ಪತ್ನಾಲ್ಕು ಡ್ಯೂಟಿ, ಹನ್ನೆರಡು ಗಂಟೆಯಂತೆ 288 ಗಂಟೆ. ಹ್ಯಾಂಡೋವರ್ ಮುಗಿದು ಹೊರಗೆ ಬರಲು ದಿನಕ್ಕೆ ಮುಕ್ಕಾಲು ಗಂಟೆ ಹೆಚ್ಚು ಎಂದರೆ ಇನ್ನೂ ಹದಿನೆಂಟು. ಒಟ್ಟು 306 ಗಂಟೆ. 24,000 ರೂಪಾಯಿಯನ್ನು ಅದರಿಂದ ಭಾಗಿಸಿದರೆ ಗಂಟೆಗೆ ಸುಮಾರು 78 ರೂಪಾಯಿ. ಎರಡನೆಯದು 6–6–12, ಅದರಲ್ಲಿ ಹತ್ತು ಬೆಳಗಿನ ಪಾಳಿ, ಎಂಟು ಮಧ್ಯಾಹ್ನ, ಆರು ರಾತ್ರಿ. ಸೇರಿಸಿದರೆ 180 ಗಂಟೆ, ಹ್ಯಾಂಡೋವರಿಗೆ ಅರ್ಧರ್ಧ ಗಂಟೆಯಂತೆ ಹನ್ನೆರಡು, ಒಟ್ಟು 192. 21,000 ರೂಪಾಯಿಗೆ ಗಂಟೆಗೆ ಸುಮಾರು 109. ಮೂರು ಸಾವಿರ ಕಡಿಮೆ ಎಂದುಕೊಂಡಿದ್ದ ಕೆಲಸದಲ್ಲಿ ಗಂಟೆಯ ಬೆಲೆ ಸುಮಾರು ಮೂವತ್ತು ರೂಪಾಯಿ ಹೆಚ್ಚು.

ಹ್ಯಾಂಡೋವರಿನ ಹೊತ್ತು ಯಾವ ಆಫರ್ ಲೆಟರಿನಲ್ಲೂ ಇರುವುದಿಲ್ಲ. ಅದನ್ನು ತಿಳಿಯಲು ಒಂದು ದಾರಿ ಇದೆ. ಬೆಳಿಗ್ಗೆ ಎಂಟರ ಹೊತ್ತಿಗೆ ಆ ಆಸ್ಪತ್ರೆಯ ಸ್ಟಾಫ್ ಗೇಟಿನ ಹತ್ತಿರ ಹೋಗಿ ನಿಲ್ಲಿ. ನೈಟ್ ಮುಗಿಸಿದವರು ಎಂಟೂಕಾಲಕ್ಕೆ ಹೊರಗೆ ಬರುತ್ತಾರೋ ಒಂಬತ್ತೂಕಾಲಕ್ಕೋ ನೋಡಿ. ತಡವಾಗಿ ಬರುವ ಕಡೆ ಚಾರ್ಟ್ ಬರೆಯುವ ಕೆಲಸ ಪಾಳಿಯೊಳಗೆ ಮುಗಿಯುತ್ತಿಲ್ಲ ಎಂದು ಅರ್ಥ, ಅಂದರೆ ಕೈ ಸಾಲುತ್ತಿಲ್ಲ. ಇದು ಮೂರನೆಯ ಪಾಠದ ರೋಸ್ಟರಿಗೆ ಒಳ್ಳೆಯ ತಾಳೆ.

ಜೊತೆಗೆ ಮೂರು ಪ್ರಶ್ನೆ. ರೋಸ್ಟರ್ ಎಷ್ಟು ದಿನ ಮೊದಲು ಕೈಗೆ ಬರುತ್ತದೆ? ಸತತ ಎಷ್ಟು ನೈಟ್, ಅದಾದ ಮೇಲೆ ಎಷ್ಟು ನೈಟ್ ಆಫ್? ಯಾರೋ ಬರದೆ ಡಬಲ್ ಡ್ಯೂಟಿ ಮಾಡಿದರೆ ಹಣ ಕೊಡುತ್ತಾರೋ ‘ಕಾಂಪ್ ಆಫ್’ ಬರೆದಿಡುತ್ತಾರೋ? ಕಾಂಪ್ ಆಫ್ ಎಂದರೆ, ಹೋದ ತಿಂಗಳು ಎಷ್ಟು ಜನರಿಗೆ ಅದು ನಿಜವಾಗಿ ಸಿಕ್ಕಿತು ಎಂದು ಕೇಳಿ. ಕೈ ಕಡಿಮೆ ಇರುವ ವಾರ್ಡಿನಲ್ಲಿ ಅದು ಪುಸ್ತಕದಲ್ಲೇ ಉಳಿಯುತ್ತದೆ.

ಸಂಬಳ ಎಷ್ಟಿರಬೇಕು ಎಂಬುದಕ್ಕೂ ಒಂದು ಅಳತೆ ಇದೆ. ಸುಪ್ರೀಂ ಕೋರ್ಟಿನ 2016ರ ಆದೇಶದ ಮೇಲೆ ನೇಮಕವಾದ ಸಮಿತಿ, ಇನ್ನೂರಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಗಳು ಸರ್ಕಾರಿ ನರ್ಸಿನಷ್ಟೇ ಸಂಬಳ ಕೊಡಬೇಕೆಂದೂ, ಐವತ್ತಕ್ಕಿಂತ ಕಡಿಮೆ ಹಾಸಿಗೆಯಲ್ಲಿ ಕೂಡ 20,000ಕ್ಕಿಂತ ಕೆಳಗೆ ಇಳಿಯಬಾರದೆಂದೂ ಶಿಫಾರಸು ಮಾಡಿತು. ಅದು ಶಿಫಾರಸು. ಮುನ್ನೂರು ಹಾಸಿಗೆಯ ಆಸ್ಪತ್ರೆ 24,000 ಕೊಡುತ್ತಿದೆ ಎಂದರೆ ಆ ಮಾತು ಇನ್ನೂ ಎಷ್ಟು ದೂರದಲ್ಲಿದೆ ಎಂದು ಕಾಣುತ್ತದೆ. ನನಗೆ ಇದರ ಬಗ್ಗೆ ಸಿಟ್ಟಿದೆ.

6. ತರಬೇತಿಯ ಖರ್ಚು ಯಾರದು, ಹೊತ್ತು ಯಾರದು, ಬಾಂಡ್ ಯಾವುದಕ್ಕೆ

‘ಉಚಿತ ತರಬೇತಿ’ ಎಂಬ ಸಾಲಿನೊಳಗೆ ಹಲವು ಬೇರೆ ಬೇರೆ ವಿಷಯಗಳಿರುತ್ತವೆ. ಕೆಲಸಕ್ಕೆ ಸೇರಿದವರಿಗೆಲ್ಲ ಕೊಡುವ ಇಂಡಕ್ಷನ್ ತರಬೇತಿಯಲ್ಲ, ಅದು ಆಸ್ಪತ್ರೆಯ ಅಗತ್ಯ. ಬಿಎಲ್‌ಎಸ್, ಎಸಿಎಲ್‌ಎಸ್ ಕೋರ್ಸ್ ಮಾಡಿಸಿ ನಿಮ್ಮ ಹೆಸರಿನಲ್ಲಿ ಕಾರ್ಡ್ ಕೊಟ್ಟರೆ ಅದು ಎಲ್ಲಿ ಹೋದರೂ ನಿಮ್ಮ ಜೊತೆ ಬರುತ್ತದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಕಾರ್ಡಿಗೆ ಎರಡು ವರ್ಷ ಅವಧಿ, ಆದ್ದರಿಂದ ಎರಡನೆಯ ಸಲದ ಖರ್ಚೂ ಆಸ್ಪತ್ರೆಯದೇ ಎಂದು ಕೇಳಿಕೊಳ್ಳಿ. ತರಗತಿ ಡ್ಯೂಟಿಯ ಹೊತ್ತಿನಲ್ಲೋ ಆಫ್ ದಿನದಲ್ಲೋ ಎಂಬುದು ಅಷ್ಟೇ ಮುಖ್ಯ. ಆಫ್ ದಿನ ಕರೆಸಿದರೆ ಐದನೆಯ ಪಾಠದ ಗಂಟೆಗೆ ಅದನ್ನೂ ಸೇರಿಸಿ.

ಐಸಿಯುಗೆ ಹೊಸಬರಾಗಿ ಹೋಗುವವರಿಗೆ ಎಲ್ಲಕ್ಕಿಂತ ಬೆಲೆಬಾಳುವ ತರಬೇತಿ ಎಂದರೆ, ಒಬ್ಬ ಹಿರಿಯ ಸಿಸ್ಟರ್ ಜೊತೆಗೆ ಕೆಲವು ವಾರ ಸ್ವಂತ ರೋಗಿಯಿಲ್ಲದೆ ನಿಲ್ಲುವ ಅವಕಾಶ. ವೆಂಟಿಲೇಟರ್ ಅಲಾರಂ ಯಾಕೆ ಕೂಗುತ್ತಿದೆ, ಇನೋಟ್ರೋಪ್ ಯಾವಾಗ ಏರಿಸಲು ಕೇಳಬೇಕು ಎಂಬುದು ತರಗತಿಯಲ್ಲಿ ಬರುವುದಿಲ್ಲ. ‘ಎಷ್ಟು ವಾರ ನನ್ನ ಹೆಸರು ರೋಸ್ಟರಿನಲ್ಲಿ ಹೆಚ್ಚುವರಿಯಾಗಿ ಇರುತ್ತದೆ?’ ಎಂದು ಕೇಳಿ. ‘ಮೊದಲ ದಿನದಿಂದಲೇ ಕಲಿಯುತ್ತೀರಿ’ ಎಂಬುದು ಉತ್ತರವಲ್ಲ.

ಇನ್ನು ಬಾಂಡ್. ‘ಬಾಂಡಿಗೆ ಬೆಲೆ ಇಲ್ಲ, ಓಡಿಹೋದರೆ ಏನೂ ಮಾಡುವುದಿಲ್ಲ’ ಎಂದು ಹಾಸ್ಟೆಲಿನಲ್ಲಿ ಹೇಳುವವರಿದ್ದಾರೆ. ಅದನ್ನು ನಂಬಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಮೂರು ವರ್ಷದ ಸೇವೆಯ, ಎರಡು ಲಕ್ಷ ರೂಪಾಯಿಯ ಬಾಂಡನ್ನು ಎತ್ತಿಹಿಡಿದಿದೆ. ಅದು ಬ್ಯಾಂಕಿನ ವಿಷಯ, ಆದರೂ ನ್ಯಾಯವಾದ ಬಾಂಡ್ ನಿಲ್ಲುತ್ತದೆ ಎಂಬುದು ಅದರಿಂದ ಗೊತ್ತಾಗುತ್ತದೆ. ಇನ್ನೊಂದು ಕಡೆ, 1872ರ ಕಾಂಟ್ರ್ಯಾಕ್ಟ್ ಕಾಯಿದೆಯ 74ನೆಯ ಸೆಕ್ಷನ್ ಪ್ರಕಾರ ಕರಾರು ಮುರಿದಾಗ ಕೊಡಬೇಕಾದದ್ದು ಸಮಂಜಸ ಪರಿಹಾರ, ಬರೆದ ಮೊತ್ತ ಅದರ ಮೇಲಿನ ಮಿತಿಯಷ್ಟೇ. ಆದ್ದರಿಂದ ಸಹಿ ಹಾಕುವ ಮುಂಚೆ ಬಾಂಡಿನಲ್ಲಿ ಎರಡು ವಿಷಯ ಬರೆಸಿ: ಯಾವ ತರಬೇತಿಗೆ ಎಷ್ಟು ಖರ್ಚು, ಮತ್ತು ಕೆಲಸ ಮಾಡಿದ ಪ್ರತಿ ತಿಂಗಳಿಗೆ ಮೊತ್ತ ಎಷ್ಟು ಇಳಿಯುತ್ತದೆ. ಹುಡುಗಿಯ ಕಾಗದದಲ್ಲಿ ಎರಡು ವರ್ಷಕ್ಕೆ ಒಂದು ಲಕ್ಷ ಎಂದಷ್ಟೇ ಇತ್ತು. ಇಪ್ಪತ್ಮೂರನೆಯ ತಿಂಗಳು ಬಿಟ್ಟರೂ ಪೂರ್ತಿ ಒಂದು ಲಕ್ಷ.

ಮೂಲ ಅಂಕಪಟ್ಟಿ, ನೋಂದಣಿ ಪತ್ರವನ್ನು ಮಾತ್ರ ಯಾರ ಕೈಗೂ ಒಪ್ಪಿಸಬೇಡಿ. ತೋರಿಸಿ, ದೃಢೀಕರಿಸಿದ ಪ್ರತಿ ಕೊಡಿ, ಮೂಲವನ್ನು ಅದೇ ದಿನ ವಾಪಸ್ ತನ್ನಿ. ಇಟ್ಟುಕೊಳ್ಳುತ್ತೇವೆ ಎನ್ನುವ ಕಡೆ ಉಳಿದ ಆರು ಪಾಠಗಳೂ ಬೇಕಿಲ್ಲ, ಎದ್ದು ಬನ್ನಿ.

7. ಯುನಿಟ್ ಹೆಸರು ಆಫರ್ ಲೆಟರಿನಲ್ಲಿ ಇರಲಿ

‘ಐಸಿಯು ಕೊಡುತ್ತೇವೆ’ ಎಂದು ಬಾಯಲ್ಲಿ ಹೇಳಿ, ಕಾಗದದಲ್ಲಿ ‘ಸ್ಟಾಫ್ ನರ್ಸ್’ ಎಂದಷ್ಟೇ ಬರೆದರೆ ಯಾವ ವಾರ್ಡಿಗೂ ಕಳಿಸಬಹುದು. ಹುಡುಗಿಯ ವಿಷಯದಲ್ಲಿ ಎಲ್ಲವೂ ಇದರ ಮೇಲೆ ನಿಂತಿತ್ತು. ಗಂಟೆಯ ಲೆಕ್ಕದಲ್ಲಿ ಎರಡನೆಯ ಆಸ್ಪತ್ರೆ ಮುಂದಿದ್ದರೂ, ಹದಿನೈದು ರೋಗಿಗಳ ರಾತ್ರಿಗೆ ಹೊಸ ನರ್ಸನ್ನು ಕಳಿಸಲು ನನಗೆ ಮನಸ್ಸಿರಲಿಲ್ಲ. ಮೊದಲನೆಯ ಆಸ್ಪತ್ರೆ ಐಸಿಯು ಕೊಟ್ಟರೆ ಮಾತ್ರ ಆ 306 ಗಂಟೆಗೆ ಅರ್ಥ, ವಾರ್ಡ್ ಆದರೆ ಇಲ್ಲ ಎಂದು ಹೇಳಿದೆ. ಅವಳು ನರ್ಸಿಂಗ್ ಸೂಪರಿಂಟೆಂಡೆಂಟ್ ಅವರನ್ನೇ ಕಂಡು ಕೇಳಿದಳು. ಮೆಡಿಕಲ್ ಐಸಿಯು ಎಂದು ಬರೆದುಕೊಟ್ಟರು. ಬಾಂಡಿನ ಅವಧಿ ಇಳಿಸಲು ಒಪ್ಪಲಿಲ್ಲ, ಮೊತ್ತ ತಿಂಗಳಿಂದ ತಿಂಗಳಿಗೆ ಇಳಿಯುವಂತೆ ಬದಲಿಸಿದರು. ಅವಳು ಅಲ್ಲಿಗೇ ಸೇರಿದಳು. ಮಗುವೋ ಮನೆಯ ಜವಾಬ್ದಾರಿಯೋ ಇರುವ ನರ್ಸ್ ಬಂದು ಕೇಳಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು: ಎರಡನ್ನೂ ಬಿಡು, 6–6–12 ಪಾಳಿಯಲ್ಲಿ ರಾತ್ರಿ ಎಂಟು ರೋಗಿ ಮೀರದ ಮೂರನೆಯದನ್ನು ಹುಡುಕು.

ಯುನಿಟ್ ಹೆಸರು ಇನ್ನೊಂದು ಕಾರಣಕ್ಕೂ ಬೇಕು. ಮಂಗಳೂರು, ಉಡುಪಿ ಕಡೆಯಿಂದ ಕೊಲ್ಲಿ ದೇಶಗಳಿಗೆ ಹೋಗುವವರು ಬಹಳ. ಅಲ್ಲಿನ ಲೈಸೆನ್ಸಿಗೆ ಡೇಟಾಫ್ಲೋ ಎಂಬ ಸಂಸ್ಥೆ ನಿಮ್ಮ ಹಳೆಯ ಆಸ್ಪತ್ರೆಯನ್ನೇ ನೇರವಾಗಿ ಸಂಪರ್ಕಿಸಿ ಅನುಭವದ ಪತ್ರ ನಿಜವೇ ಎಂದು ಕೇಳುತ್ತದೆ. ಪತ್ರದಲ್ಲಿ ವಿಭಾಗ, ಹುದ್ದೆ, ಸೇರಿದ ಮತ್ತು ಬಿಟ್ಟ ತಾರೀಖು, ಆಸ್ಪತ್ರೆಯ ಹಾಸಿಗೆಗಳ ಸಂಖ್ಯೆ ಸ್ಪಷ್ಟವಾಗಿರಬೇಕು, ಕೇಳಿದಾಗ ಉತ್ತರಿಸುವ ಎಚ್‌ಆರ್ ವಿಭಾಗ ಇರಬೇಕು. ಈ ಉತ್ತರ ಬಾರದೆ ತಿಂಗಳುಗಟ್ಟಲೆ ಕಾದವರನ್ನು ನಾನು ನೋಡಿದ್ದೇನೆ. ಸೇರುವ ಮುಂಚೆಯೇ ಆ ಆಸ್ಪತ್ರೆ ಬಿಟ್ಟು ಹೊರದೇಶಕ್ಕೆ ಹೋದ ಒಬ್ಬರನ್ನು ಹುಡುಕಿ, ಅವರ ಪತ್ರ ಎಷ್ಟು ದಿನಕ್ಕೆ ಸಿಕ್ಕಿತು, ಡೇಟಾಫ್ಲೋಗೆ ಉತ್ತರ ಎಷ್ಟು ದಿನಕ್ಕೆ ಹೋಯಿತು ಎಂದು ಕೇಳಿ ಬರೆದಿಟ್ಟುಕೊಳ್ಳಿ.